ರೊಟ್ಟಿ ಬಡಿಯುವ ಕೈ, ಉತ್ತರ ಕೊಡುವ ಫೋನು

ಅಕ್ಕ ತಂಗಿಯರೇ, ಬಾಗಲಕೋಟೆ ಕಡೆಯ ಒಂದು ಹಳ್ಳಿಯಲ್ಲಿ ಖಡಕ್ ರೊಟ್ಟಿ ಮಾರುವ ಒಬ್ಬ ಅಕ್ಕ ಇದ್ದಾಳೆ ಅಂತ ಇಟ್ಟುಕೊಳ್ಳೋಣ. ನಾವು ಆಕೆಯನ್ನು ರೊಟ್ಟಿ ಅಕ್ಕ ಅಂತಲೇ ಕರೆಯೋಣ. ಬೆಳಿಗ್ಗೆ ಹತ್ತಕ್ಕೆ ಹೆಂಚಿನ ಮುಂದೆ ಕೂತರೆ ಏಳುವುದು ಮಧ್ಯಾಹ್ನ ಮೂರಕ್ಕೆ. ಎರಡೂ ಕೈಯಲ್ಲಿ ಹಿಟ್ಟು. ಅದೇ ಹೊತ್ತಿಗೆ ಫೋನು ಟಿಣ್ ಟಿಣ್ ಅನ್ನುತ್ತದೆ. ಬೆಂಗಳೂರಿನಿಂದ ಒಬ್ಬರು, ಪುಣೆಯಿಂದ ಒಬ್ಬರು ವಾಟ್ಸಾಪಿನಲ್ಲಿ ಕೇಳುತ್ತಾರೆ. "ರೊಟ್ಟಿ ಅದಾವೇನ್ರಿ?" "ಹತ್ತಕ್ಕ ಎಷ್ಟ್ರಿ?"

ಕೈ ತೊಳೆದು ಉತ್ತರ ಬರೆಯೋಣವೆಂದರೆ ಹೆಂಚಿನ ಮೇಲಿನ ರೊಟ್ಟಿ ಸೀಯುತ್ತದೆ. ಬರೆಯದೆ ಬಿಟ್ಟರೆ ಗಿರಾಕಿ ಬೇರೆಯವರನ್ನು ಹುಡುಕುತ್ತಾರೆ. ಇನ್ನೊಂದು ಮಾತು. ಹೊಸದಾಗಿ ಅಕ್ಷರ ಕಲಿತವರಿಗೆ ಒಂದು ಉತ್ತರ ಬರೆಯಲು ಐದು ನಿಮಿಷ ಹಿಡಿಯುತ್ತದೆ. ಇಪ್ಪತ್ತು ಜನರಿಗೆ ಅದನ್ನೇ ಇಪ್ಪತ್ತು ಸಲ ಬರೆಯುವುದು ಹೇಗೆ?

ಇದಕ್ಕೊಂದು ದಾರಿ ಇದೆ. ವಾಟ್ಸಾಪ್ ಬಿಸಿನೆಸ್ ಎಂಬ ಆ್ಯಪ್ 2018ರಲ್ಲಿ ಬಂತು. ಸಣ್ಣ ವ್ಯಾಪಾರದವರಿಗೆಂದೇ ಮಾಡಿದ್ದು. ಫೋನಿಗೆ ಹಾಕಿಕೊಳ್ಳಲು ದುಡ್ಡಿಲ್ಲ. ಆದರೆ ಒಂದೇ ನಂಬರು ಸಾದಾ ವಾಟ್ಸಾಪಿನಲ್ಲೂ ಇದರಲ್ಲೂ ಒಟ್ಟಿಗೆ ನಡೆಯುವುದಿಲ್ಲ. ಒಂದೇ ನಂಬರು ಇರುವವರು ಅದನ್ನೇ ಇದಕ್ಕೆ ಬದಲಾಯಿಸಬೇಕು. ಹಳೆಯ ಮಾತುಕತೆಯೂ ಜೊತೆಗೆ ಬರುತ್ತದೆ, ಆದರೂ ಮೊದಲೇ ಬ್ಯಾಕಪ್ ತೆಗೆದಿಟ್ಟುಕೊಳ್ಳಿ. ಎರಡು ಸಿಮ್ ಇದ್ದರೆ ಒಂದನ್ನು ಮನೆಗೆ, ಒಂದನ್ನು ವ್ಯಾಪಾರಕ್ಕೆ ಇಟ್ಟುಕೊಳ್ಳಬಹುದು.

ಫೋನು ಮುಟ್ಟುವ ಮೊದಲು ರೊಟ್ಟಿ ಅಕ್ಕ ಒಂದು ಕೆಲಸ ಮಾಡಿದಳು. ಒಂದು ವಾರ, ಯಾರು ಏನು ಕೇಳಿದರು ಎಂದು ನೋಟ್‌ಬುಕ್ಕಿನಲ್ಲಿ ಗೀಟು ಎಳೆದು ಬರೆದಿಟ್ಟಳು. ವಾರ ಮುಗಿದಾಗ ನೋಡಿದರೆ ಹೆಚ್ಚಿನವರು ಕೇಳಿದ್ದು ನಾಲ್ಕೇ ಮಾತು. ದರ ಎಷ್ಟು? ಎಷ್ಟು ದಿನ ಕೆಡದೆ ಇರುತ್ತದೆ? ನಮ್ಮೂರಿಗೆ ಕಳಿಸುತ್ತೀರಾ? ದುಡ್ಡು ಹೇಗೆ ಕೊಡಬೇಕು? ಈ ನಾಲ್ಕಕ್ಕೂ ಎಲ್ಲರಿಗೂ ಒಂದೇ ಉತ್ತರ. ಇಂಥ ಉತ್ತರವನ್ನು ಫೋನಿಗೆ ಬಿಡಬಹುದು.

ಉಳಿದ ಮಾತು ಹಾಗಲ್ಲ. "ಭಾನುವಾರಕ್ಕೆ ಐವತ್ತು ಆಗ್ತಾವೇನ್ರಿ?" ಎಂದರೆ ಮನೆಯಲ್ಲಿ ಹಿಟ್ಟು ಎಷ್ಟಿದೆ, ಬೇರೆ ಯಾರಿಗೆ ಮಾತು ಕೊಟ್ಟಿದ್ದೇವೆ ಎಂದು ನೋಡಿ ಹೇಳಬೇಕು. "ಹೋದ ಸಲದ ರೊಟ್ಟಿ ಮುಗ್ಗು ಬಂದಿದ್ದವು" ಎಂದವರಿಗೆ ಫೋನು ಏನು ಹೇಳೀತು? ಇಂಥವಕ್ಕೆ ನಾವೇ ಉತ್ತರ ಕೊಡಬೇಕು. ಬರೆಯುವುದು ಕಷ್ಟವಾದರೆ ಮೈಕಿನ ಗುರುತು ಒತ್ತಿ ಹಿಡಿದು ಬಾಯಲ್ಲೇ ಹೇಳಿ ಕಳಿಸಬಹುದು.

ಆ್ಯಪಿನಲ್ಲಿ Business tools ಎಂಬ ಜಾಗ ಇದೆ. ನಮಗೆ ಬೇಕಾದ ಮೂರು ಅನುಕೂಲ ಅಲ್ಲಿವೆ. Greeting message, Away message, Quick replies. ಇಂಗ್ಲಿಷ್ ಓದಲು ಬರದಿದ್ದರೆ ಮೊದಲ ಸಲ ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಆದರೆ ಒಳಗೆ ಬರೆಯುವ ಮಾತು ನಿಮ್ಮದೇ ಇರಲಿ. ಮಕ್ಕಳು ಬರೆದರೆ "ಡಿಯರ್ ಕಸ್ಟಮರ್" ಅಂತ ಶುರು ಮಾಡುತ್ತಾರೆ!

ಮೊದಲನೆಯದು Greeting message. ಗಿರಾಕಿ ಮೊದಲ ಸಲ ಮಾತಾಡಿಸಿದಾಗ ಇದು ತಾನಾಗಿ ಹೋಗುತ್ತದೆ. ಆಮೇಲೆ 14 ದಿನ ಮಾತೇ ಇಲ್ಲದೆ ಮತ್ತೆ ಬರೆದರೆ ಇನ್ನೊಮ್ಮೆ ಹೋಗುತ್ತದೆ. ರೊಟ್ಟಿ ಅಕ್ಕ ಹೀಗೆ ಬರೆದಿದ್ದಾಳೆ:

"ನಮಸ್ಕಾರ. ನಾನು ರೊಟ್ಟಿ ಮಾರುವ ಅಕ್ಕ. ನೀವು ಬರೆದದ್ದು ಬಂದಿದೆ. ಇದು ಫೋನು ತಾನಾಗಿ ಕಳಿಸಿದ ಉತ್ತರ. ಎಷ್ಟು ರೊಟ್ಟಿ, ಯಾವ ಊರಿಗೆ, ಯಾವ ದಿನಕ್ಕೆ ಬೇಕು ಎಂದು ಬರೆದಿಡಿ. ಬಾಯಲ್ಲಿ ಹೇಳಿ ಕಳಿಸಿದರೂ ಸರಿ. ನಾನು ನೋಡಿ ಹೇಳುತ್ತೇನೆ."

ಇದು ಫೋನಿನ ಉತ್ತರ ಎಂದು ಆಕೆ ಮುಚ್ಚಿಟ್ಟಿಲ್ಲ. ಗಿರಾಕಿ ಮೋಸ ಹೋಗುವುದಿಲ್ಲ, ತಕ್ಷಣ ಇನ್ನೊಂದು ಉತ್ತರ ಬರಲಿಲ್ಲವೆಂದು ಸಿಟ್ಟೂ ಆಗುವುದಿಲ್ಲ. ಮೂರು ಪ್ರಶ್ನೆ ಕೇಳಿದ್ದಾಳೆ. ಆಕೆ ಫೋನು ಹಿಡಿಯುವ ಹೊತ್ತಿಗೆ ಲೆಕ್ಕಕ್ಕೆ ಬೇಕಾದದ್ದೆಲ್ಲ ಅಲ್ಲಿ ಕೂತಿರುತ್ತದೆ. ಹೂವು, ನಗುವ ಮುಖ, "ನಿಮ್ಮನ್ನು ಕಂಡು ಬಹಳ ಸಂತೋಷ" ಇವು ಯಾವುವೂ ಇಲ್ಲ. ಯಾಕೆ? ಎರಡು ತಿಂಗಳ ನಂತರ ಒಬ್ಬರು ಬರೆಯುತ್ತಾರೆ, "ನಮ್ಮತ್ತಿ ತೀರಿಕೊಂಡ್ರು, ಈ ಸಲ ರೊಟ್ಟಿ ಬ್ಯಾಡ್ರಿ." ಫೋನಿಗೆ ಓದಿ ಅರ್ಥ ಮಾಡಿಕೊಳ್ಳಲು ಬರುವುದಿಲ್ಲ. ಹೂವಿನ ಚಿತ್ರ ಹಾಕಿದ ಉತ್ತರ ಆ ದುಃಖದ ಮನೆಗೂ ಹೋಗಿಬಿಡುತ್ತದೆ. ಸಾದಾ ಮಾತು ಎಲ್ಲಿಗೆ ಹೋದರೂ ನೋಯಿಸುವುದಿಲ್ಲ.

ಎರಡನೆಯದು Away message. ನಾವು ಕೈಗೆ ಸಿಗದ ಹೊತ್ತಿನಲ್ಲಿ ಹೋಗುವ ಉತ್ತರ. ಇದಕ್ಕೆ ಹೊತ್ತು ಗೊತ್ತು ಮಾಡಬೇಕು. Always send ಎಂದು ಇಟ್ಟರೆ ನಾವು ಫೋನು ಹಿಡಿದು ಕೂತಾಗಲೂ "ಈಗ ಕೆಲಸದಲ್ಲಿದ್ದೇನೆ" ಎಂದು ಹೋಗುತ್ತದೆ. Custom schedule ಒತ್ತಿ ಶುರುವಾಗುವ ಮತ್ತು ಮುಗಿಯುವ ದಿನ, ಹೊತ್ತು ಹಾಕಬೇಕು. ರೊಟ್ಟಿ ಅಕ್ಕ ಬೆಳಿಗ್ಗೆ 10ರಿಂದ ಮಧ್ಯಾಹ್ನ 3 ಎಂದು ಹಾಕಿದ್ದಾಳೆ. "ಈಗ ರೊಟ್ಟಿ ಬಡಿಯುತ್ತಿದ್ದೇನೆ. ನೀವು ಬರೆದದ್ದು ಬಂದಿದೆ. ನಾಲ್ಕು ಗಂಟೆಗೆ ಕೂತು ಎಲ್ಲವನ್ನೂ ನೋಡುತ್ತೇನೆ. ನಾನು ಹ್ಞೂಂ ಅಂದ ಮೇಲೆಯೇ ಆರ್ಡರ್ ಖಚಿತ."

ಕೊನೆಯ ಸಾಲು ಯಾಕೆ ಬೇಕು? ಕೆಲವರು ಇಲ್ಲಿ "ನಿಮ್ಮ ಆರ್ಡರ್ ಸ್ವೀಕರಿಸಿದ್ದೇವೆ, ಧನ್ಯವಾದ" ಎಂದು ಬರೆದುಬಿಡುತ್ತಾರೆ. ಭಾನುವಾರದ ಸೀಮಂತಕ್ಕೆ ಐವತ್ತು ರೊಟ್ಟಿ ಕೇಳಿದವರಿಗೂ ಅದೇ ಹೋಗುತ್ತದೆ. ಅವರು ನಂಬಿ ಕೂರುತ್ತಾರೆ. ಇತ್ತ ಮನೆಯಲ್ಲಿ ಹಿಟ್ಟಿಲ್ಲ. ಭಾನುವಾರ ನೆಂಟರ ಮುಂದೆ ಅವರ ಮರ್ಯಾದೆ ಹೋಗುತ್ತದೆ, ಅವರು ಮತ್ತೆ ನಮ್ಮ ಕಡೆ ತಿರುಗಿ ನೋಡುವುದಿಲ್ಲ. ಬಂದಿದೆ ಎನ್ನುವುದು ಫೋನಿನ ಕೆಲಸ. ಆಗುತ್ತದೆ ಎನ್ನುವುದು ನಮ್ಮ ಕೆಲಸ. ನಾಲ್ಕು ಗಂಟೆ ಎಂದ ಮೇಲೆ ನಾಲ್ಕಕ್ಕೆ ಕೂರಲೇಬೇಕು. ಆಗದಿದ್ದರೆ ಸಂಜೆ ಆರು ಎಂದೇ ಬರೆಯಿರಿ.

ಒಂದು ತೊಡಕು ಹಳ್ಳಿಯಲ್ಲಿ ಬಹಳ. ನಮ್ಮ ಫೋನಿಗೆ ನೆಟ್ ಇದ್ದಾಗ ಮಾತ್ರ ಈ ಉತ್ತರ ಹೋಗುತ್ತದೆ. ದುಡ್ಡು ಉಳಿಸಲು ಡೇಟಾ ಆಫ್ ಮಾಡಿದರೆ, ಚಾರ್ಜು ಮುಗಿದು ಫೋನು ಆರಿದರೆ, ಏನೂ ಹೋಗುವುದಿಲ್ಲ. ಆದ್ದರಿಂದ ಒಲೆಯ ಮುಂದೆ ಕೂರುವ ಮೊದಲು ಡೇಟಾ ನೋಡಿಕೊಳ್ಳಿ.

ಈ ಎರಡೂ ಉತ್ತರ ಯಾರಿಗೆ ಹೋಗಬೇಕು ಎಂದು ಆರಿಸಲು Recipients ಎಂಬ ಜಾಗ ಇದೆ. ಅಲ್ಲಿ Everyone not in address book ಎಂಬುದನ್ನು ಒತ್ತಿ. ಅಂದರೆ ನಮ್ಮ ಫೋನಿನಲ್ಲಿ ಹೆಸರು ಇಲ್ಲದವರಿಗೆ ಮಾತ್ರ ತಾನಾಗಿ ಉತ್ತರ ಹೋಗುತ್ತದೆ. ತಂಗಿ "ಅಕ್ಕಾ, ಅವ್ವಗ ಆರಾಮ ಇಲ್ಲ" ಎಂದು ಬರೆದಾಗ "ಎಷ್ಟು ರೊಟ್ಟಿ, ಯಾವ ಊರಿಗೆ" ಎಂದು ಹೋದರೆ ಹೇಗಿರುತ್ತದೆ ಹೇಳಿ! ಮೂರು ನಾಲ್ಕು ಸಲ ಕೊಂಡ ಗಿರಾಕಿಯ ಹೆಸರನ್ನೂ ಸೇವ್ ಮಾಡಿಕೊಳ್ಳಿ. ಬರೀ ಹೆಸರಲ್ಲ, ಗುರುತು ಹತ್ತುವ ಹಾಗೆ. "ಪುಣೆ ಟೀಚರಮ್ಮ, ಖಾರ ಕಮ್ಮಿ." ಹೊಸಬರಿಗೆ ಫೋನು, ಪರಿಚಯದವರಿಗೆ ನಾವು.

ನಮ್ಮ ಪ್ರಕಾರ ಮೂರನೆಯದೇ ಹೆಚ್ಚು ಉಪಯೋಗದ್ದು. Quick replies ಎಂದರೆ ಮೊದಲೇ ಬರೆದಿಟ್ಟ ಉತ್ತರ. ಒಂದು ಸಲ ನಿಧಾನವಾಗಿ, ತಪ್ಪಿಲ್ಲದೆ ಬರೆದು, ಅದಕ್ಕೊಂದು ಚಿಕ್ಕ ಗುರುತಿನ ಪದ ಕೊಡುವುದು. ಇಂಥ 50 ಉತ್ತರದ ತನಕ ಇಡಬಹುದು. ನಮಗೆ ನಾಲ್ಕು ಸಾಕು. ರೊಟ್ಟಿ ಅಕ್ಕ ದರದ ಉತ್ತರಕ್ಕೆ ಕೊಟ್ಟ ಗುರುತು ಇದು:

```
/dara
```

ಒಳಗೆ ಬರೆದದ್ದು ಇಷ್ಟು. "ಖಡಕ್ ರೊಟ್ಟಿ 10ಕ್ಕೆ 80 ರೂಪಾಯಿ. ಶೇಂಗಾ ಚಟ್ನಿ ಕಾಲು ಕೆ.ಜಿ.ಗೆ 90 ರೂಪಾಯಿ. ಪಾರ್ಸೆಲ್ ಖರ್ಚು ಬೇರೆ."

ಮಾತುಕತೆಯಲ್ಲಿ ಓರೆ ಗೀಟು ಒತ್ತಿದರೆ ಬರೆದಿಟ್ಟ ಉತ್ತರಗಳ ಪಟ್ಟಿ ಬರುತ್ತದೆ. ಬೇಕಾದ್ದನ್ನು ಮುಟ್ಟಿದರೆ ಇಡೀ ಮಾತು ಬರೆಯುವ ಜಾಗಕ್ಕೆ ಬಂದು ಕೂರುತ್ತದೆ. ಆದರೆ ತಾನಾಗಿ ಹೋಗುವುದಿಲ್ಲ, ನಾವು ಕಳಿಸುವ ತನಕ ಕಾಯುತ್ತದೆ. ಆ ಮಧ್ಯೆ ಹಿಂದೆ ಮುಂದೆ ಒಂದೊಂದು ಮಾತು ಸೇರಿಸಬಹುದು.

ಸಂಜೆ ನಾಲ್ಕು. ರೊಟ್ಟಿ ಅಕ್ಕ ಚಹಾ ಕುಡಿದು ಕೂತಿದ್ದಾಳೆ. ಬೆಂಗಳೂರಿನವರೊಬ್ಬರು ಬರೆದಿದ್ದಾರೆ, "50 ರೊಟ್ಟಿ ಬೇಕ್ರಿ. ಶನಿವಾರ ಮಗಳನ್ನ ನೋಡಾಕ ಬರ್ತಾರ." ಅಕ್ಕ ನೋಟ್‌ಬುಕ್ ನೋಡಿದಳು. ಶುಕ್ರವಾರಕ್ಕೆ ಆಗಲೇ 60 ಬರೆದಿದೆ. ಇನ್ನು ಐವತ್ತು ಬಡಿಯಬೇಕೆಂದರೆ ಬುಧವಾರವೇ ಹಿಟ್ಟು ಹಾಕಿಸಬೇಕು. ಆಗುತ್ತದೆ. ಓರೆ ಗೀಟು ಒತ್ತಿ ದರದ ಉತ್ತರ ತಂದಳು. ಅದರ ಮುಂದೆ "ನಮಸ್ಕಾರ್ರಿ ಅಕ್ಕಾರ" ಎಂದು ಸೇರಿಸಿದಳು. ಕೊನೆಗೆ, "50ಕ್ಕೆ 400 ಆಗ್ತದ. ಗುರುವಾರ ರಾತ್ರಿ ಬಸ್ಸಿಗೆ ಹಾಕ್ತೀನಿ. ಮಗಳಿಗೆ ಒಳ್ಳೇದಾಗ್ಲಿ." ಬರೆದಿಟ್ಟ ಮಾತು ಮೂರು ಸಾಲು, ಕೈಯಲ್ಲಿ ಬರೆದದ್ದು ಹೆಚ್ಚೆಂದರೆ ಎರಡು ಸಾಲು. ಆದರೆ ಬೆಂಗಳೂರಿನ ಅಕ್ಕನಿಗೆ ನೆನಪು ಉಳಿಯುವುದು ಮಗಳ ಮಾತು.

ಮುಗ್ಗು ಬಂತೆಂದವರಿಗೆ ಬರೆದಿಟ್ಟ ಉತ್ತರ ಬೇಡ. ಯಾವ ದಿನದ ಪಾರ್ಸೆಲ್ ಎಂದು ಕೇಳಿ, ಫೋಟೋ ಕೇಳಿ. ರೊಟ್ಟಿ ಪೂರ್ತಿ ಆರುವ ಮೊದಲೇ ಪ್ಯಾಕೆಟ್ ಕಟ್ಟಿದರೆ ಹಬೆ ಒಳಗೇ ನಿಂತು ಮುಗ್ಗು ಬರುತ್ತದೆ. ಹಾಗಾಗಿತ್ತೇ ಎಂದು ನೋಡಿ, ಬೇರೆ ಕಳಿಸುತ್ತೇವೋ ದುಡ್ಡು ಮರಳಿಸುತ್ತೇವೋ ಬಾಯಲ್ಲೇ ಹೇಳಿ.

ಫೇಸ್‌ಬುಕ್ಕಿನಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ ರೊಟ್ಟಿಯ ವಿಡಿಯೋ ಹಾಕುವವರೂ ಇದ್ದೀರಿ. ಅದರ ಕೆಳಗೆ ಬರೆದದ್ದನ್ನು ಎಲ್ಲರೂ ಓದುತ್ತಾರೆ. ದರವನ್ನು ವಿಡಿಯೋ ಜೊತೆಗೇ ಬರೆದರೆ ಅರ್ಧ ಪ್ರಶ್ನೆ ಬರುವುದೇ ಇಲ್ಲ. ಕಾಮೆಂಟ್ ಹಾಕಿದವರಿಗೆಲ್ಲ ತಾನಾಗಿ ಸಂದೇಶ ಕಳಿಸುವ ಏರ್ಪಾಡೂ ಉಂಟು. ಆದರೆ "ಪಾರ್ಸೆಲ್ ಬಂದಿಲ್ಲ" ಎಂದು ಬೈದವರಿಗೂ ದರದ ಪಟ್ಟಿ ಹೋದರೆ ಊರೆಲ್ಲ ನಗುತ್ತದೆ. ಅಲ್ಲಿ ಕೈಯಲ್ಲೇ ಒಂದು ಸಾಲು ಬರೆಯಿರಿ. ವಿಳಾಸ, ಫೋನ್ ನಂಬರು ಮಾತ್ರ ಎಲ್ಲರ ಮುಂದೆ ಬರೆಸಬೇಡಿ, ಒಳಗಿನ ಸಂದೇಶದಲ್ಲಿ ಕೇಳಿ.

ಎಲ್ಲ ಮಾಡಿದ ಮೇಲೆ ಒಮ್ಮೆ ಪರೀಕ್ಷೆ ಮಾಡಿ. ನಿಮ್ಮ ಫೋನಿನಲ್ಲಿ ಹೆಸರಿಲ್ಲದ ಒಂದು ನಂಬರಿನಿಂದ "ರೊಟ್ಟಿ ಅದಾವೇನ್ರಿ" ಎಂದು ಬರೆಸಿ, ಏನು ಹೋಗುತ್ತದೆ ನೋಡಿ. ಒಂದು ವಾರ ಕಳೆದ ಮೇಲೆ ಮತ್ತೆ ನೋಟ್‌ಬುಕ್ ತೆಗೆಯಿರಿ. ಫೋನು ಉತ್ತರ ಕೊಟ್ಟ ಮೇಲೂ ಜನ ಅದೇ ಪ್ರಶ್ನೆ ಕೇಳುತ್ತಿದ್ದರೆ ಬರೆದದ್ದು ಸ್ಪಷ್ಟವಾಗಿಲ್ಲ, ತಿದ್ದಬೇಕು. ಜೋಳದ ದರ ಏರಿ ನೀವು ರೊಟ್ಟಿಯ ದರ ಏರಿಸಿದ ದಿನ, ಬರೆದಿಟ್ಟ ಉತ್ತರದಲ್ಲಿ ಹಳೆಯ 80 ಹಾಗೇ ಕೂತಿರುತ್ತದೆ. ಅದನ್ನು ಮೊದಲು ಬದಲಿಸಿ, ಆಮೇಲೆ ಒಲೆ ಹಚ್ಚಿ.