ಮೊಹರು ಮಾಡಿದ ಲಕೋಟೆಯ ಮಾರಾಟ

ಮನೆಯಲ್ಲಿರುವ ಹಳೆಯ ವೀಣೆಯೊಂದನ್ನು ಮಾರಬೇಕೆಂದು ನಾವು ನಿಶ್ಚಯಿಸಿದೆವೆಂದು ಭಾವಿಸೋಣ. ಅದರ ಸರಿಯಾದ ಬೆಲೆ ನಮಗೆ ತಿಳಿಯದು. ಆದುದರಿಂದ ಹೀಗೆಂದು ಪ್ರಕಟಿಸುತ್ತೇವೆ: “ಕನಿಷ್ಠ ಬೆಲೆ 20,000 ರೂಪಾಯಿ. ಕೊಳ್ಳಬಯಸುವವರು ತಾವು ಕೊಡುವ ಮೊಬಲಗನ್ನು ಮೊಹರು ಮಾಡಿದ ಲಕೋಟೆಯಲ್ಲಿ ಶುಕ್ರವಾರ ಸಾಯಂಕಾಲ 5 ಗಂಟೆಯೊಳಗೆ ತಲಪಿಸತಕ್ಕದ್ದು.” ಇಷ್ಟೇ ಬರೆದು ನಿಲ್ಲಿಸಿದರೆ, ಅತಿ ಹೆಚ್ಚು ಬೆಲೆ ಬರೆದವನಿಗೆ ವೀಣೆಯನ್ನು ಕೊಡಲೇಬೇಕೆ?

ಬೇಕಿಲ್ಲ. 1870ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಸ್ಪೆನ್ಸರ್ ಮತ್ತು ಹಾರ್ಡಿಂಗ್ ಎಂಬವರ ವ್ಯಾಜ್ಯ ಬಂದಿತು. ಒಂದು ಅಂಗಡಿಯ ದಾಸ್ತಾನನ್ನು ಟೆಂಡರಿನ ಮೂಲಕ ಮಾರುವುದಾಗಿ ಪತ್ರ ಹಂಚಿದವರು, ಹೆಚ್ಚಿನ ಟೆಂಡರನ್ನು ಒಪ್ಪದೆ ಹೋದರು. ಅಂಥ ಪತ್ರವು ‘ಮಾರುತ್ತೇವೆ’ ಎಂಬ ವಾಗ್ದಾನವಲ್ಲ, ಬೆಲೆ ಹೇಳಿರೆಂಬ ಆಹ್ವಾನ ಮಾತ್ರ, ಎಂದು ತೀರ್ಪಾಯಿತು. ಆದರೆ ‘ಹೆಚ್ಚು ಕೊಟ್ಟವರಿಗೇ ಮಾರುತ್ತೇವೆ’ ಎಂಬ ಒಂದು ಮಾತು ಸೇರಿದ್ದರೆ ಸಂಗತಿ ಬೇರೆಯಾಗುತ್ತಿತ್ತು. ಇಂಗ್ಲೆಂಡಿನ ತೀರ್ಪುಗಳು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕಲಾರವು. ಅವುಗಳ ತರ್ಕವನ್ನು ಮಾತ್ರ ಗೌರವದಿಂದ ನೋಡುವುದುಂಟು.

ಹಾಗಾದರೆ ಆ ಮಾತನ್ನು ಬಿಟ್ಟುಬಿಡುವುದು ಮಾರುವವನಿಗೆ ಕ್ಷೇಮವಲ್ಲವೆ ಎನ್ನಬಹುದು. ಕ್ಷೇಮವೇ ಸರಿ, ಆದರೆ ಅದಕ್ಕೂ ಬೆಲೆಯುಂಟು. ಲಕೋಟೆಯೊಳಗೆ ತನ್ನ ಪೂರ್ಣ ಬೆಲೆಯನ್ನು ಬರೆದರೂ ಕೊನೆಗೆ ನೆಂಟನೊಬ್ಬನಿಗೇ ವಸ್ತು ಹೋದೀತೆಂಬ ಸಂಶಯ ಹುಟ್ಟಿದರೆ, ಗಂಭೀರವಾಗಿ ಕೊಳ್ಳುವವನು ಲಕೋಟೆಯನ್ನೇ ಕಳುಹಿಸುವುದಿಲ್ಲ. ಆದುದರಿಂದ ನಾವು “20,000ಕ್ಕೆ ಕಡಮೆಯಿಲ್ಲದ ಅತಿ ಹೆಚ್ಚಿನ ಮೊಬಲಗನ್ನು ಒಪ್ಪಿಕೊಳ್ಳುತ್ತೇವೆ” ಎಂದು ಸೇರಿಸುತ್ತೇವೆ. ಕನಿಷ್ಠ ಬೆಲೆಯ ಕೆಲಸವೂ ಇಲ್ಲಿಯೇ ಸ್ಪಷ್ಟವಾಗುತ್ತದೆ. ಬಹಿರಂಗ ಹರಾಜಿನಲ್ಲಿ ಕೆಳಗಿನಿಂದ ಆರಂಭಿಸಿದರೆ ಜನ ಸೇರುತ್ತಾರೆ, ಒಬ್ಬರ ಕೂಗು ಮತ್ತೊಬ್ಬರನ್ನು ಏರಿಸುತ್ತದೆ. ಲಕೋಟೆಯಲ್ಲಿ ಆ ಏರಾಟವಿಲ್ಲ. ಬಂದುದು ಒಂದೇ ಲಕೋಟೆಯಾದರೂ ನಾವು ಕೊಡಬೇಕಾಗುತ್ತದೆ. ಆದುದರಿಂದ ಯಾವ ಬೆಲೆಗೆ ಕೊಟ್ಟರೂ ಪಶ್ಚಾತ್ತಾಪವಿಲ್ಲವೋ ಅದನ್ನೇ ಕನಿಷ್ಠವೆಂದು ಬರೆಯಬೇಕು.

ಶುಕ್ರವಾರ ಸಂಜೆ ಮೂರು ಲಕೋಟೆಗಳು ಒಡೆದುವು. ಒಂದರಲ್ಲಿ 26,000, ಇನ್ನೊಂದರಲ್ಲಿ 31,500. ಮೂರನೆಯವರು ಬಹು ಜಾಣರು: “24,000 ರೂಪಾಯಿ, ಇಲ್ಲವೆ ಉಳಿದವರು ಎಷ್ಟು ಕೊಟ್ಟರೂ ಅದಕ್ಕಿಂತ 500 ಹೆಚ್ಚು” ಎಂದು ಬರೆದಿದ್ದರು. ಲೆಕ್ಕಕ್ಕೆ ಇದು 32,000. ವೀಣೆ ಇವರಿಗೆ ಸಲ್ಲಬೇಕೆ?

ಇದೇ ತಂತ್ರವು ಹಾರ್ವೆಲಾ ಎಂಬ ಸಂಸ್ಥೆಯ ವ್ಯಾಜ್ಯದಲ್ಲಿ ದೊಡ್ಡ ಮೊಬಲಗಿಗೆ ನಡೆಯಿತು. ಕಂಪೆನಿಯೊಂದರ ಷೇರುಗಳನ್ನು ಮಾರಲು ಕೆನಡಾದ ಟ್ರಸ್ಟೊಂದು ಇಬ್ಬರನ್ನು ಮಾತ್ರ ಕರೆದು, ಮೊಹರು ಮಾಡಿದ ಬೆಲೆಗಳಲ್ಲಿ ಹೆಚ್ಚಿನದನ್ನು ಒಪ್ಪುವುದಾಗಿ ಮಾತುಕೊಟ್ಟಿತು. ಹಾರ್ವೆಲಾ 21,75,000 ಡಾಲರುಗಳನ್ನು ಬರೆಯಿತು. ಪ್ರತಿಸ್ಪರ್ಧಿಯು 21,00,000, ಅಥವಾ ಬೇರೆ ಯಾವ ಬೆಲೆ ಬಂದರೂ ಅದಕ್ಕಿಂತ 1,01,000 ಹೆಚ್ಚು, ಎಂದು ಬರೆದರು. ಟ್ರಸ್ಟಿನವರು ಕೂಡಿಸಿ ನೋಡಿ, 22,76,000 ಎಂದು ಅವರದನ್ನೇ ಒಪ್ಪಿದರು. ಮೊದಲ ನ್ಯಾಯಾಲಯ ಹಾರ್ವೆಲಾ ಪರವಾಗಿತ್ತು, ಮೇಲ್ಮನವಿಯಲ್ಲಿ ಅದು ತಿರುವುಮುರುವಾಯಿತು. 1985ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಪುನಃ ಹಾರ್ವೆಲಾಗೇ ಷೇರುಗಳನ್ನು ಕೊಡಿಸಿತು, ಅದೂ 21,75,000ಕ್ಕೆ.

ಕಾರಣವನ್ನು ನಾವು ಮನೆಯಲ್ಲಿಯೇ ಪರೀಕ್ಷಿಸಬಹುದು. ಇಬ್ಬರೂ ‘ಅವರಿಗಿಂತ 500 ಹೆಚ್ಚು’ ಎಂದು ಬರೆದರೆ, ಒಬ್ಬರ ಬೆಲೆ ತಿಳಿಯಲು ಮತ್ತೊಬ್ಬರ ಲಕೋಟೆಯನ್ನು ನೋಡಬೇಕು, ಅದರ ಬೆಲೆ ತಿಳಿಯಲು ಮೊದಲಿನದನ್ನು. ಬೆಲೆಯೇ ಹುಟ್ಟುವುದಿಲ್ಲ. ಒಬ್ಬರು ಮಾತ್ರ ಹಾಗೆ ಬರೆದರೆ ಪ್ರಾಮಾಣಿಕವಾಗಿ ಅಂಕಿ ಬರೆದವರು ಎಂದಿಗೂ ಗೆಲ್ಲಲಾರರು; ಲಕೋಟೆಗೆ ಮೊಹರು ಹಾಕಿದುದೂ ವ್ಯರ್ಥ. ಆದುದರಿಂದ ನಮ್ಮ ವೀಣೆ 31,500 ಬರೆದವರದು. ಐನೂರು ರೂಪಾಯಿ ಕೈತಪ್ಪಿತೆಂದು ಮನೆಯವರು ಗೊಣಗಿಯಾರು, ಗೊಣಗಲಿ. ಮುಂದಿನ ಸಾರಿ ‘ನಿಶ್ಚಿತವಾದ ಒಂದೇ ಅಂಕಿಯನ್ನು ಬರೆಯತಕ್ಕದ್ದು’ ಎಂದೂ, ಎರಡು ಬೆಲೆ ಸಮನಾದರೆ ಆ ಇಬ್ಬರಿಂದಲೇ ಮತ್ತೊಮ್ಮೆ ಲಕೋಟೆ ಪಡೆಯುವುದಾಗಿಯೂ ಪ್ರಕಟಣೆಯಲ್ಲಿಯೇ ಸೇರಿಸಿದರೆ ಈ ಗೊಣಗಾಟವೂ ಇರದು.

ಲಕೋಟೆ ಬೇಡ, ಬಹಿರಂಗವಾಗಿಯೇ ಕೂಗಿಸೋಣವೆಂದರೆ ನಮ್ಮ ದೇಶದಲ್ಲಿ 1930ರ ಸರಕು ಮಾರಾಟದ ಕಾಯಿದೆಯ 64ನೆಯ ಪ್ರಕರಣವನ್ನು ನೋಡಬೇಕು. ಸುತ್ತಿಗೆ ಬೀಳುವವರೆಗೆ, ಅಥವಾ ರೂಢಿಯಂತೆ ಮುಗಿಯಿತೆಂದು ಸಾರುವವರೆಗೆ, ಸವಾಲು ಕೂಗಿದವನು ಅದನ್ನು ಹಿಂತೆಗೆದುಕೊಳ್ಳಬಹುದು. ಮಾರುವವನು ತಾನೂ ಸವಾಲು ಕೂಗುವ ಹಕ್ಕನ್ನು ಮೊದಲೇ ಸ್ಪಷ್ಟವಾಗಿ ಕಾಯ್ದಿರಿಸಿಕೊಳ್ಳದೆ, ಗೆಳೆಯನೊಬ್ಬನನ್ನು ಗುಂಪಿನಲ್ಲಿ ನಿಲ್ಲಿಸಿ ಬೆಲೆಯೇರಿಸುವಂತಿಲ್ಲ. ಬೆಲೆಯೇರಿಸಲು ಸುಳ್ಳು ಸವಾಲು ಕೂಗಿಸಿದುದು ಹೊರಬಿದ್ದರೆ, ಕೊಂಡವನು ತನ್ನ ಇಷ್ಟದಂತೆ ಆ ಮಾರಾಟವನ್ನೇ ರದ್ದುಪಡಿಸಬಹುದು. ಒಬ್ಬನೇ ಮನುಷ್ಯ ಪ್ರತಿಸಾರಿಯೂ ಏರಿಸಿ, ಕೊನೆಯ ಗಳಿಗೆಯಲ್ಲಿ ಮಾತ್ರ ಮೌನವಾಗುತ್ತಿದ್ದರೆ, ಅವನು ಯಾರ ಜೊತೆಯಲ್ಲಿ ಬಂದನೆಂಬುದನ್ನು ವಿಚಾರಿಸಿದ ಮೇಲೆಯೇ ನಾವು ಹಣವೆಣಿಸಬೇಕು.