ಲಾಭವಿದ್ದರೂ ನಗದಿಲ್ಲವೇಕೆ? ದುಡಿಯುವ ಬಂಡವಾಳದ ದಿನಗಣನೆ

ವರ್ಷಾಂತ್ಯದ ಲೆಕ್ಕಪತ್ರದಲ್ಲಿ ಲಾಭ ಕಂಡುಬಂದರೂ ತಿಂಗಳ ಕೊನೆಗೆ ಕೂಲಿ ಬಟವಾಡೆಗೆ ಹಣ ಹೊಂದಿಸಲು ಪರದಾಡುವ ಸಣ್ಣ ಕೈಗಾರಿಕೆಗಳು ಅನೇಕ. ಇಂತಹ ಸಂದರ್ಭದಲ್ಲಿ ಬ್ಯಾಂಕಿನ ಸಾಲಮಿತಿಯನ್ನು ಹೆಚ್ಚಿಸಿಕೊಳ್ಳುವುದೇ ಮೊದಲು ಹೊಳೆಯುವ ಪರಿಹಾರ. ಆದರೆ ಹಣ ಎಲ್ಲಿ, ಎಷ್ಟು ದಿನ ಸಿಲುಕಿದೆ ಎಂಬ ಲೆಕ್ಕ ಅದಕ್ಕೂ ಮೊದಲು ಆಗಬೇಕು. ಹುಬ್ಬಳ್ಳಿಯಲ್ಲಿ ಕವಾಟಗಳನ್ನು ತಯಾರಿಸುವ, ಬೆಳಗಾವಿಯಿಂದ ಎರಕದ ಬಿಡಿಭಾಗಗಳನ್ನು ತರಿಸುವ ಒಂದು ಕಾಲ್ಪನಿಕ ಘಟಕದ ಅಂಕಿಗಳ ಮೂಲಕ ಈ ಲೆಕ್ಕವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಕಾರ್ಯಾಚರಣಾ ಚಕ್ರ

ಈ ಘಟಕದ ವಾರ್ಷಿಕ ಮಾರಾಟ 1.80 ಕೋಟಿ ರೂಪಾಯಿ, ಎಲ್ಲವೂ ಉದ್ದರಿ. ಉತ್ಪಾದನಾ ವೆಚ್ಚ 1.44 ಕೋಟಿ; ಅದರಲ್ಲಿ ಕಚ್ಚಾ ಸಾಮಗ್ರಿಯ ಪಾಲು 90 ಲಕ್ಷ. ವರ್ಷಕ್ಕೆ 360 ದಿನಗಳೆಂದು ಹಿಡಿದರೆ ದಿನಕ್ಕೆ 25,000 ರೂ. ಸಾಮಗ್ರಿ ಬಳಕೆಯಾಗುತ್ತದೆ, 40,000 ರೂ. ಉತ್ಪಾದನಾ ವೆಚ್ಚ ತಗಲುತ್ತದೆ, 50,000 ರೂ. ಮಾರಾಟವಾಗುತ್ತದೆ. ಪ್ರತಿಯೊಂದು ಸರಾಸರಿ ದಾಸ್ತಾನನ್ನು ಅದಕ್ಕೆ ಸಂಬಂಧಿಸಿದ ದಿನದ ಮೊತ್ತದಿಂದ ಭಾಗಿಸಿದರೆ ದಿನಗಳು ದೊರೆಯುತ್ತವೆ.

ಕಚ್ಚಾ ಸಾಮಗ್ರಿ: 10 ಲಕ್ಷ ÷ 25,000 = 40 ದಿನ
ಅರೆಸಿದ್ಧ ಸರಕು: 4 ಲಕ್ಷ ÷ 40,000 = 10 ದಿನ
ಸಿದ್ಧ ಸರಕು: 6 ಲಕ್ಷ ÷ 40,000 = 15 ದಿನ
ಗಿರಾಕಿಗಳ ಬಾಕಿ: 45 ಲಕ್ಷ ÷ 50,000 = 90 ದಿನ
ಒಟ್ಟು ಚಕ್ರ: 155 ದಿನ
ಕಳೆಯಿರಿ, ಪೂರೈಕೆದಾರರ ಉದ್ದರಿ: 7.5 ಲಕ್ಷ ÷ 25,000 = 30 ದಿನ
ನಿವ್ವಳ ಚಕ್ರ: 125 ದಿನ

ಎರಕಕ್ಕೆ ಕೊಟ್ಟ ಹಣ ಮಾರಾಟದ ಹಣವಾಗಿ ಮರಳಲು ನಾಲ್ಕು ತಿಂಗಳು ಮೀರುತ್ತದೆ ಎಂಬುದು ಇದರ ಅರ್ಥ. ಗಿರಾಕಿಗಳ 45 ಲಕ್ಷ ಬಾಕಿಯಲ್ಲಿ ಲಾಭದ ಅಂಶ ಸೇರಿದೆ. ಘಟಕ ಕೈಯಿಂದ ಹಾಕಿದ ವೆಚ್ಚ ಅದರ ಶೇ. 80, ಅಂದರೆ 36 ಲಕ್ಷ. ಆದುದರಿಂದ ಬೇಕಾದ ದುಡಿಯುವ ಬಂಡವಾಳ 10 + 4 + 6 + 36 – 7.5 = 48.5 ಲಕ್ಷ ರೂಪಾಯಿ.

ಇನ್ನು ಬ್ಯಾಂಕಿನ ಲೆಕ್ಕ. 1992ರಲ್ಲಿ ವರದಿ ನೀಡಿದ ನಾಯಕ್ ಸಮಿತಿಯ ವಹಿವಾಟು ವಿಧಾನದಲ್ಲಿ ಅಂದಾಜು ವಾರ್ಷಿಕ ಮಾರಾಟದ ಶೇ. 25ನ್ನು ದುಡಿಯುವ ಬಂಡವಾಳವೆಂದು ಪರಿಗಣಿಸಿ, ಶೇ. 20ನ್ನು ಬ್ಯಾಂಕು ನೀಡುತ್ತದೆ, ಶೇ. 5ನ್ನು ಉದ್ಯಮಿ ತರಬೇಕು. ಇಲ್ಲಿ ಅದು 36 ಮತ್ತು 9, ಒಟ್ಟು 45 ಲಕ್ಷ. ವರ್ಷದ ಕಾಲುಭಾಗವೆಂದರೆ ಮೂರು ತಿಂಗಳು; ಈ ಸೂತ್ರವು ಸುಮಾರು ಮೂರು ತಿಂಗಳ ಚಕ್ರವನ್ನು ಊಹಿಸಿಕೊಂಡಿದೆ. ನಾಲ್ಕು ತಿಂಗಳ ಚಕ್ರದ ಈ ಘಟಕಕ್ಕೆ 3.5 ಲಕ್ಷ ಕೊರತೆ ಬೀಳುವುದು ಅದರಿಂದಲೇ. ಮಾರಾಟ ಹೆಚ್ಚಿದಂತೆ ಮಿತಿಯೂ ಹೆಚ್ಚುತ್ತದೆ ನಿಜ. ಆದರೆ ದಿನಗಳು ಕಡಿಮೆಯಾಗದಿದ್ದರೆ ಕೊರತೆಯೂ ಅದೇ ಪ್ರಮಾಣದಲ್ಲಿ ಬೆಳೆಯುತ್ತದೆ.

ನಗದು ರಿಯಾಯಿತಿ ಯಾರಿಗೆ?

ಚಕ್ರದಲ್ಲಿ ಅತಿ ದೀರ್ಘವಾದುದು ಗಿರಾಕಿಗಳ 90 ದಿನ. 15 ದಿನದೊಳಗೆ ಪಾವತಿಸಿದವರಿಗೆ ಶೇ. 2 ರಿಯಾಯಿತಿ ಘೋಷಿಸಿದರೆ ಮಾರಾಟದ ಅರ್ಧಭಾಗದ ಗಿರಾಕಿಗಳು ಒಪ್ಪುತ್ತಾರೆಂದು ಇಟ್ಟುಕೊಳ್ಳೋಣ. ರಿಯಾಯಿತಿಯ ವೆಚ್ಚ 90 ಲಕ್ಷದ ಮೇಲೆ 1.80 ಲಕ್ಷ. ದಿನಕ್ಕೆ 25,000 ರೂ.ಗಳಂತೆ 75 ದಿನ ಮುಂಚೆ ಹಣ ಬಂದರೆ 18.75 ಲಕ್ಷ ಬಿಡುಗಡೆಯಾಗುತ್ತದೆ. ಶೇ. 12ರ ಬಡ್ಡಿಯಲ್ಲಿ ಉಳಿತಾಯ 2.25 ಲಕ್ಷ, ನಿವ್ವಳ ಲಾಭ 45,000 ರೂಪಾಯಿ. ಹಳೆಯ ಮಾರಾಟದ ಹಣವೇ ಬೇಗ ಬರುವುದರಿಂದ ಇಲ್ಲಿ ಪೂರ್ಣ ಮಾರಾಟ ಬೆಲೆಯ ಮೇಲೆ ಬಡ್ಡಿ ಎಣಿಸುವುದು ಸರಿ. ಉದ್ದರಿ ಸಡಿಲಿಸಿ ಹೊಸ ಮಾರಾಟ ಪಡೆಯುವಾಗ ಮಾತ್ರ ವೆಚ್ಚದ ಮೇಲೆ ಎಣಿಸಬೇಕು.

ಈ ಲೆಕ್ಕ ಕೈಕೊಡುವುದು ಸರಾಸರಿಯಲ್ಲಿ. 90 ದಿನವೆಂಬುದು ಅರ್ಧ ಮಾರಾಟ 45 ದಿನಕ್ಕೂ ಉಳಿದರ್ಧ 135 ದಿನಕ್ಕೂ ವಸೂಲಾಗುವುದರ ಸರಾಸರಿಯಾಗಿರಬಹುದು. ರಿಯಾಯಿತಿಗೆ ಮೊದಲು ಕೈಚಾಚುವವರು 45 ದಿನಕ್ಕೆ ಕೊಡುತ್ತಿದ್ದ ಸಕಾಲದ ಗಿರಾಕಿಗಳೇ. ಆಗ ಗಳಿಸಿದ್ದು ಕೇವಲ 30 ದಿನ, ಬಿಡುಗಡೆಯಾದದ್ದು 7.5 ಲಕ್ಷ, ಉಳಿದ ಬಡ್ಡಿ 90,000. ಕೊಟ್ಟ ರಿಯಾಯಿತಿ ಮಾತ್ರ 1.80 ಲಕ್ಷವೇ. ಅದೇ ಯೋಜನೆ 90,000 ರೂ. ನಷ್ಟವಾಗಿ ಪರಿಣಮಿಸುತ್ತದೆ.

ನೆನಪಿಡಲು ಸುಲಭವಾದ ಅಳತೆಗೋಲೊಂದಿದೆ. ಶೇ. 12ರ ಬಡ್ಡಿಯೆಂದರೆ ತಿಂಗಳಿಗೆ ಶೇ. 1. ಆದುದರಿಂದ ಶೇ. 2 ರಿಯಾಯಿತಿ ಗಿಟ್ಟಬೇಕಾದರೆ ಹಣ ಕನಿಷ್ಠ 60 ದಿನ ಮುಂಚೆ ಬರಬೇಕು. ಬಾಕಿಗಳನ್ನು ಗಿರಾಕಿವಾರು ದಿನಗಳ ಪ್ರಕಾರ ಪಟ್ಟಿ ಮಾಡದೆ ಎಲ್ಲರಿಗೂ ಒಂದೇ ರಿಯಾಯಿತಿ ಘೋಷಿಸಬಾರದು. 90 ದಿನ ಮೀರಿದ ಬಾಕಿಯನ್ನು ಬ್ಯಾಂಕುಗಳು ಹಣ ಪಡೆಯುವ ಅರ್ಹತೆಯ ಲೆಕ್ಕದಿಂದ ಸಾಮಾನ್ಯವಾಗಿ ಕೈಬಿಡುವುದರಿಂದ, ವಿಳಂಬದ ಗಿರಾಕಿಗಳಿಂದ ಮಂಜೂರಾದ ಮಿತಿಯೂ ಪೂರ್ತಿ ಕೈಗೆ ಸಿಗದು. ಅತಿಸಣ್ಣ ಮತ್ತು ಸಣ್ಣ ಉದ್ಯಮಗಳ ಪೂರೈಕೆಗೆ ಖರೀದಿದಾರರು 45 ದಿನ ಮೀರದಂತೆ ಪಾವತಿಸಬೇಕೆಂದು 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯಿದೆ ವಿಧಿಸಿದೆ. 135 ದಿನದ ಗಿರಾಕಿಯೊಂದಿಗೆ ಮಾತುಕತೆಗೆ ಕೂರುವಾಗ ಈ ಅಂಶ ಕೈಯಲ್ಲಿರಲಿ.

ಎಷ್ಟು ಎರಕ ತರಿಸಬೇಕು?

ಗಿರಾಕಿಗಳ ಮನವೊಲಿಸಲು ಕಾಲ ಹಿಡಿಯುತ್ತದೆ. ದಾಸ್ತಾನು ಉದ್ಯಮಿಯ ಕೈಯಲ್ಲೇ ಇರುತ್ತದೆ. ಘಟಕಕ್ಕೆ ವರ್ಷಕ್ಕೆ ಕಿಲೋಗೆ 100 ರೂ. ಬೆಲೆಯ 90,000 ಕಿಲೋ ಎರಕ ಬೇಕು. ಪ್ರತಿ ಸಲ 18,000 ಕಿಲೋದಂತೆ ವರ್ಷಕ್ಕೆ ಐದು ಸಲ ತರಿಸಲಾಗುತ್ತಿದೆ. ಜೊತೆಗೆ 1,000 ಕಿಲೋ ಆಪತ್ಕಾಲದ ದಾಸ್ತಾನು. ಇಳಿಸುವಿಕೆ, ತಪಾಸಣೆ, ಕಾಗದಪತ್ರ ಸೇರಿ ಒಂದು ಖರೀದಿಗೆ 4,000 ರೂ. ವೆಚ್ಚ. ಬಡ್ಡಿ ಶೇ. 12, ಜಾಗ, ತುಕ್ಕು ಮತ್ತು ವಿಮೆಗೆ ಶೇ. 8 ಸೇರಿ ಒಂದು ಕಿಲೋ ವರ್ಷವಿಡೀ ಇಟ್ಟುಕೊಳ್ಳಲು 20 ರೂಪಾಯಿ.

ಇ.ಓ.ಕ್ಯೂ. ಎಂದು ಕರೆಯಲಾಗುವ ಮಿತವ್ಯಯದ ಖರೀದಿ ಪ್ರಮಾಣವನ್ನು ಹೀಗೆ ಕಂಡುಹಿಡಿಯಬಹುದು: ವಾರ್ಷಿಕ ಅಗತ್ಯವನ್ನು ಒಂದು ಖರೀದಿಯ ವೆಚ್ಚದಿಂದ ಗುಣಿಸಿ, ಎರಡು ಪಟ್ಟು ಮಾಡಿ, ಕಿಲೋವಾರು ಸಂಗ್ರಹ ವೆಚ್ಚದಿಂದ ಭಾಗಿಸಿ ವರ್ಗಮೂಲ ತೆಗೆಯಬೇಕು.

√(2 × 90,000 × 4,000 ÷ 20) = √3,60,00,000 = 6,000 ಕಿಲೋ

ಈಗಿನ ಪದ್ಧತಿಯಲ್ಲಿ ಖರೀದಿ ವೆಚ್ಚ 20,000, ಸರಾಸರಿ 9,000 ಕಿಲೋ ಸಂಗ್ರಹದ ವೆಚ್ಚ 1,80,000. ಒಟ್ಟು 2,00,000 ರೂಪಾಯಿ. 6,000 ಕಿಲೋದಂತೆ 24 ದಿನಕ್ಕೊಮ್ಮೆ, ವರ್ಷಕ್ಕೆ 15 ಸಲ ತರಿಸಿದರೆ ಎರಡೂ ತಲಾ 60,000, ಒಟ್ಟು 1,20,000. ಉಳಿತಾಯ 80,000. ಆಪತ್ಕಾಲದ ದಾಸ್ತಾನು ಹಾಗೆಯೇ ಉಳಿದರೂ ಸರಾಸರಿ ಸಂಗ್ರಹ 10,000 ಕಿಲೋದಿಂದ 4,000ಕ್ಕೆ ಇಳಿದು 6 ಲಕ್ಷ ರೂಪಾಯಿ ಬಿಡುಗಡೆಯಾಗುತ್ತದೆ. 40 ದಿನಗಳು 16 ಆಗುತ್ತವೆ; ಬಂಡವಾಳದ ಅಗತ್ಯ 48.5ರಿಂದ 42.5 ಲಕ್ಷಕ್ಕೆ ಇಳಿದು, 45 ಲಕ್ಷದೊಳಗೆ ಬರುತ್ತದೆ.

ಈ ಸೂತ್ರ ಬೆಲೆ ಬದಲಾಗದೆಂದು ಭಾವಿಸುತ್ತದೆ. ದೊಡ್ಡ ಖರೀದಿಗೆ ಕಿಲೋಗೆ 1 ರೂ. ರಿಯಾಯಿತಿ ಸಿಗುವುದಾದರೆ, ಅಥವಾ ಸಣ್ಣ ಲಾರಿಯ ಬಾಡಿಗೆ ಅಷ್ಟೇ ಹೆಚ್ಚಾದರೆ, ವ್ಯತ್ಯಾಸ 90,000. 80,000ದ ಉಳಿತಾಯ ಅಳಿಸಿಹೋಗಿ ದೊಡ್ಡ ಖರೀದಿಯೇ 10,000 ರೂ. ಅಗ್ಗವೆಂದು ತೋರುತ್ತದೆ. ಆದರೆ ಶೇ. 12ರ ಬಡ್ಡಿ ಬ್ಯಾಂಕಿನ ಮಿತಿಯೊಳಗೆ ಮಾತ್ರ ನಿಜ. ಮಿತಿ ಮೀರಿದ 3.5 ಲಕ್ಷವನ್ನು ಶೇ. 24ಕ್ಕೆ ಕೈಸಾಲವಾಗಿ ತಂದರೆ ಹೆಚ್ಚುವರಿ ಬಡ್ಡಿಯೇ 42,000 ರೂಪಾಯಿ. ಮಿತಿಯಲ್ಲಿ ಹಣ ಉಳಿದಿರುವ ಉದ್ಯಮಿಗೆ ಆ ರಿಯಾಯಿತಿ ಲಾಭ. ಮಿತಿ ಮುಗಿದವನಿಗೆ ನಷ್ಟ.

ಮೇಲಿನ ಅಂಕಿಗಳಲ್ಲಿ ಜಿ.ಎಸ್.ಟಿ. ಸೇರಿಲ್ಲ. ಗಿರಾಕಿ 90 ದಿನಕ್ಕೆ ಕೊಟ್ಟರೂ ತೆರಿಗೆಯನ್ನು ಮಾರಾಟದ ಮುಂದಿನ ತಿಂಗಳೇ ಕಟ್ಟಬೇಕು. ಶೇ. 18ರ ದರದಲ್ಲಿ ತಿಂಗಳ 15 ಲಕ್ಷ ಮಾರಾಟಕ್ಕೆ 2.70 ಲಕ್ಷ, ಅದರಲ್ಲಿ 7.5 ಲಕ್ಷ ಖರೀದಿಯ ಜಮೆ 1.35 ಲಕ್ಷ ಕಳೆದರೆ, ತಿಂಗಳಿಗೆ 1.35 ಲಕ್ಷ ಕೈಯಿಂದ ಮುಂಗಡ ಹೋಗುತ್ತದೆ. ದಾಸ್ತಾನಿನಿಂದ ಮಿತಿಯೊಳಗೆ ಉಳಿದ 2.5 ಲಕ್ಷ ಮೊದಲು ಖರ್ಚಾಗುವುದು ಇಲ್ಲಿಯೇ. ಆದುದರಿಂದ ಎರಕದ ಖರೀದಿಯನ್ನು ಸರಿಪಡಿಸಿದ ಬಳಿಕವೂ 135 ದಿನದ ಗಿರಾಕಿಗಳ ಪಟ್ಟಿಯನ್ನು ಮುಚ್ಚಿಡುವಂತಿಲ್ಲ.