ಖೊಟ್ಟಿ ಮಾತ್ರೆ, ಖೊಟ್ಟಿ ಕ್ರೀಮು: ಫೋನಿನ ಕಣ್ಣಿಗೆ ಕಾಣುವುದೆಷ್ಟು?

2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಪರೀಕ್ಷೆಯಲ್ಲಿ ಸೋತ ಔಷಧಿಗಳ ಪಟ್ಟಿ ಪ್ರಕಟಿಸಿತು. ಹೆಂಗಸರು ಹೆಚ್ಚಾಗಿ ನುಂಗುವ ಕ್ಯಾಲ್ಸಿಯಂ ಮಾತ್ರೆ ಶೆಲ್‌ಕಾಲ್ 500 ಅದರಲ್ಲಿತ್ತು. ಪರೀಕ್ಷೆಗೊಳಗಾದ ಆ ಮಾತ್ರೆ ತನ್ನದಲ್ಲ, ನಕಲಿ ಎಂದು ಕಂಪನಿ ಹೇಳಿತು. ಇಂಥ ಪಟ್ಟಿಯಲ್ಲಿ ನಮ್ಮ ಮನೆಯ ಮಾತ್ರೆಯನ್ನು ಹುಡುಕಲು ಹೆಸರೊಂದೇ ಸಾಲದು, ಬ್ಯಾಚ್ ನಂಬರ್ ಬೇಕು. ಮಂಠಾಳದ ಸ್ವಸಹಾಯ ಸಂಘದ ತಾಯಂದಿರೆದುರು ನನ್ನ ಮಾತು ಶುರುವಾದದ್ದು ಈ ನಂಬರಿನಿಂದಲೇ.

ಅದನ್ನು ಸಾಮಾನ್ಯವಾಗಿ ಸ್ಟ್ರಿಪ್ಪಿನ ಒಂದು ತುದಿಯಲ್ಲಿ ಒತ್ತಿರುತ್ತಾರೆ. ಬಸವಕಲ್ಯಾಣದ ಪೇಟೆಯಲ್ಲಿ ನಾಲ್ಕೇ ಮಾತ್ರೆ ಕೇಳಿದರೆ ಕತ್ತರಿಸಿ ಕೊಡುತ್ತಾರೆ, ನಂಬರು ಅಂಗಡಿಯಲ್ಲೇ ಉಳಿಯುತ್ತದೆ. ಆದ್ದರಿಂದ ಕತ್ತರಿ ಹಾಕುವ ಮೊದಲೇ ಇಡೀ ಸ್ಟ್ರಿಪ್ಪಿನ ಫೋಟೋ ತೆಗೆಯಿರಿ. ಬೆಳ್ಳಿ ಹಾಳೆ ಹೊಳೆಯುವುದರಿಂದ ಫ್ಲಾಶ್ ಬೇಡ. ಬೆಳಕು ಓರೆಯಾಗಿ ಬೀಳುವಂತೆ ಹಿಡಿದರೆ ಒತ್ತಿದ ಅಂಕಿಗಳ ಬದಿಗೆ ಸಣ್ಣ ನೆರಳು ಮೂಡಿ ಅವು ಎದ್ದು ಕಾಣುತ್ತವೆ. ಫೋನನ್ನು ತೀರ ಹತ್ತಿರ ಒಯ್ದರೆ ಚಿತ್ರ ಮಸುಕಾಗುತ್ತದೆ. ಒಂದು ಗೇಣು ದೂರದಿಂದ ತೆಗೆದು, ಆಮೇಲೆ ಬೆರಳಿನಿಂದ ಹಿಗ್ಗಿಸಿ ನೋಡಿ. ಬಿಲ್ಲಿನ ನಂಬರೂ ಇದೇ ಇರಬೇಕು. (ಬಿಲ್ಲು ಕೇಳುವುದಕ್ಕೇ ನಮ್ಮ ಕಡೆ ಸಂಕೋಚ, ಅದು ಬೇರೆ ಮಾತು.)

2023ರ ಆಗಸ್ಟ್ 1ರ ನಂತರ ತಯಾರಾದ 300 ಹೆಸರಾಂತ ಬ್ರಾಂಡುಗಳ ಮೇಲೆ ಕ್ಯೂಆರ್ ಅಥವಾ ಬಾರ್ ಕೋಡ್ ಕಡ್ಡಾಯ. ಫೋನು ಅದನ್ನು ಓದಿ ತಯಾರಕರ ವಿಳಾಸ, ಬ್ಯಾಚು, ಅವಧಿ ಮುಗಿಯುವ ದಿನ ತೋರಿಸಬೇಕು. ಅವು ಸ್ಟ್ರಿಪ್ಪಿನ ಮೇಲೆ ಒತ್ತಿದ್ದಕ್ಕೆ ಹೊಂದದಿದ್ದರೆ ಮಾತ್ರೆ ನುಂಗಬೇಡಿ.

"ಹೊಂದಿದ್ರ ಖರೇ ಮಾಲ್ ಅಂತ ತಿಳ್ಕೋಬೇಕೇನ್ರಿ ಸರ್?" ಎಂದು ಅಕ್ಕನೊಬ್ಬಳು ಕೇಳಿದಳು. ಇಲ್ಲ. ಕಳ್ಳನು ಅಸಲಿ ಕೋಡನ್ನೇ ನಕಲು ಮಾಡಬಹುದು. ಫೋಟೋ ಅನುಮಾನ ಹುಟ್ಟಿಸಬಲ್ಲದು, ಖಾತರಿ ಕೊಡಲಾರದು.

ಬಿಳುಪಿನ ಕ್ರೀಮಿನಲ್ಲಿ ಈ ಮಿತಿ ಇನ್ನೂ ಭಯಂಕರ. ಕೇರಳದ ಕೋಟಕ್ಕಲ್‌ನಲ್ಲಿ 2021ರಿಂದ 2023ರವರೆಗೆ ಒಂದು ಬಗೆಯ ಮೂತ್ರಪಿಂಡದ ರೋಗ ಕಂಡ 15 ಮಂದಿಯಲ್ಲಿ 13 ಜನ ಇಂಥ ಕ್ರೀಮು ಹಚ್ಚಿದವರೆಂದು ವೈದ್ಯರು ವರದಿ ಮಾಡಿದರು. ಇಂಥ ಕ್ರೀಮುಗಳಲ್ಲಿ ಬಿಳುಪು ತರುವುದು ಪಾದರಸದ ಲವಣ. ಅದು ಚರ್ಮದ ಮೂಲಕ ರಕ್ತಕ್ಕಿಳಿಯುತ್ತದೆ. ಅದನ್ನು ಯಾವ ಕ್ಯಾಮೆರಾವೂ ಕಾಣದು. ಡಬ್ಬಿಯ ಮೇಲೆ ತಯಾರಕರ ಪೂರ್ಣ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್, ಅವಧಿಯ ದಿನ ಇವೆಯೇ ಎಂಬುದನ್ನು ಮಾತ್ರ ಹಿಗ್ಗಿಸಿ ನೋಡಬಹುದು. ವಿಳಾಸವೇ ಇಲ್ಲದ ಡಬ್ಬಿಯನ್ನು, ವಾರದಲ್ಲಿ ಮುಖ ಬೆಳ್ಳಗಾದರೂ ಸರಿ, ಬಿಟ್ಟುಬಿಡಿ.

ಅನುಮಾನ ಬಂದರೆ ಉಳಿದ ಮಾತ್ರೆ, ಡಬ್ಬಿ ಎಸೆಯಬೇಡಿ. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯಿದೆಯ 26ನೇ ಕಲಮಿನಂತೆ, ಕೊಂಡವರೇ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಫೋಟೋ, ಬಿಲ್ಲು, ಉಳಿದ ಮಾಲು ಮೂರನ್ನೂ ಬೀದರಿನ ಔಷಧ ಪರಿವೀಕ್ಷಕರಿಗೆ ಒಟ್ಟಿಗೆ ಒಪ್ಪಿಸಿ.